ಇಪ್ಪತ್ತೆಂಟು ಮಾರು

೧೯೭೦ರಲ್ಲಿ, ಸಾಸ್ವೆಹಳ್ಳಿಯ ಅಕ್ಕ ದುರುಗಮ್ಮನ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ, ಜುಂಜಪ್ಪ ಎಲ್ಲರೆದುರು ಒಂದು ಮಾತು ಕೊಟ್ಟಿದ್ದ. ಕೊಟ್ರಮ್ಮ ಎಂದು ಹೆಸರಿಟ್ಟ ಆ ಕೂಸು ಮದುವೆಯಾಗುವ ದಿನ ಅವಳನ್ನು ಕೈಹಿಡಿದು ಹಸೆಗೆ ಕರೆತರುವವನು ತಾನೇ, ಬೇರೆ ಯಾರ ಕೈಗೂ ಕೊಡಬೇಡ ಅಕ್ಕ ಎಂದು. ಸೋದರಮಾವನ ಕೆಲಸವೇ ಅದು. ಮಾತು ಕೊಡದಿದ್ದರೂ ಅವನೇ ಮಾಡಬೇಕಾದದ್ದು. ಆದರೂ ಕೊಟ್ಟಿದ್ದ. ಆಗ ಅವನು ಜಗಳೂರು ಕಡೆಯ ಬಯಲಲ್ಲಿ ಕುರಿ ಕಾಯುತ್ತಿದ್ದ ಹುಡುಗ, ಎಲ್ಲಿಗೆ ಬೇಕಾದರೂ ಹೋಗಬಲ್ಲವನು.

ಆಮೇಲೆ ಅವನ ಊರಿಗೆ ಬೋರು ಬಂತು, ಸ್ಕೂಲಿನ ಪಕ್ಕ ನೀರಿನ ಟ್ಯಾಂಕು ಎದ್ದಿತು, ಜುಂಜಪ್ಪ ನೀರುಗಂಟಿಯಾದ. ಅಂದಿನಿಂದ ಅವನು ಊರು ಬಿಟ್ಟು ಒಂದು ರಾತ್ರಿ ಹೊರಗೆ ಮಲಗಿದ್ದು ಎರಡೇ ಸಲ. ಎರಡು ಸಲವೂ ಮೋಟಾರು ಸುಟ್ಟಿತ್ತು. ಕರೆಂಟು ಬಂದಾಗ ಗುಂಡಿ ಒತ್ತುವುದು ಯಾರಿಗೂ ಬರುತ್ತದೆ. ಬೋರಿನ ನೀರು ಇಳಿದು ಪಂಪು ಗಾಳಿ ಎಳೆಯುವುದನ್ನು ಪೈಪಿನ ಮೇಲೆ ಕೈಯಿಟ್ಟು ತಿಳಿಯುವುದು ಅವನೊಬ್ಬನಿಗೇ ಬರುತ್ತಿತ್ತು. ಬೋರಿನೊಳಗಿನ ಮೋಟಾರಿಗೆ ನೀರೇ ತಂಪು, ನೀರೇ ಎಣ್ಣೆ. ಅದಿಲ್ಲದೆ ಓಡಿದರೆ ಗಳಿಗೆಯಲ್ಲಿ ಕಾದು ಹೋಗುತ್ತದೆ. ಟ್ಯಾಂಕಿನ ಕಡೆ ನೋಡುವುದು ಮರೆತರೆ ಅದು ಬೇರೆ ಜಗಳ. ಅದು ತುಂಬಿ ಹರಿದು ಸ್ಕೂಲಿನ ಅಂಗಳ ಕೆಸರಾಗಿ ಮೇಷ್ಟ್ರು ಮನೆಗೇ ಬರುತ್ತಿದ್ದರು. ಮೂರನೇ ಸಲ ಸುಟ್ಟರೆ ಈ ಊರಿಗೆ ಹೊಸ ಮೋಟಾರಿಲ್ಲ ಎಂದು ಮಂಡಲ ಪಂಚಾಯಿತಿಯವರು ಹೇಳಿಬಿಟ್ಟಿದ್ದರು.

೧೯೮೮ರ ಏಪ್ರಿಲ್‌ನಲ್ಲಿ ಕೊಟ್ರಮ್ಮನ ಮದುವೆ ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಮುಹೂರ್ತ. ಭಾನುವಾರ ಮೂರು ಗಂಟೆಯ ಬಸ್ಸು ಹಿಡಿದರೆ ದಾವಣಗೆರೆ, ಅಲ್ಲಿಂದ ಹೊನ್ನಾಳಿ, ರಾತ್ರಿಗೆ ಸಾಸ್ವೆಹಳ್ಳಿ. ಜುಂಜಪ್ಪ ಚನ್ನಗಿರಿಗೆ ಹೋಗಿ ಮೋಟಾರ್ ವೈಂಡಿಂಗ್ ಮಾಡುವ ನಾಗೇಂದ್ರಪ್ಪನನ್ನು ಕಾಡಿಬೇಡಿದ. ಮಂಡಲದವರನ್ನೂ ಒಪ್ಪಿಸಿದ. ಭಾನುವಾರ ಬೆಳಿಗ್ಗೆ ನಾಗೇಂದ್ರಪ್ಪ ಒಂದು ತಗಡಿನ ಡಬ್ಬಿ, ಆರು ಉಕ್ಕಿನ ಕಡ್ಡಿ, ಎರಡು ಸುರುಳಿ ವೈರು ಹೊತ್ತು ಬಸ್ಸಿಳಿದ.

"ಇದು ಆಟೋಮ್ಯಾಟಿಕ್ಕು ಜುಂಜಣ್ಣ. ನೀನಿಲ್ಲದಾಗ ಇದೇ ನೀರುಗಂಟಿ," ಎಂದ.

"ಸಂಬಳ ಕೇಳತೈತಾ?" ಎಂದು ಜುಂಜಪ್ಪನ ಹೆಂಡತಿ ಅಂಜಿನಮ್ಮ ಕೇಳಿದಳು.

ನಾಗೇಂದ್ರಪ್ಪ ವೈರು ಬಿಚ್ಚುತ್ತಲೇ ವಿವರಿಸಿದ. ಟ್ಯಾಂಕಿಗೆ ಮೂರು ಕಡ್ಡಿ, ಬೋರಿಗೆ ಮೂರು. ಎರಡೂ ಕಡೆ ಒಂದೊಂದು ಕಡ್ಡಿ ಎಲ್ಲಕ್ಕಿಂತ ಕೆಳಗೆ, ಸದಾ ನೀರಿನಲ್ಲಿ. ಉಳಿದ ಎರಡರಲ್ಲಿ ಒಂದು ಮೇಲಿನ ಗುರುತು, ಒಂದು ಕೆಳಗಿನ ಗುರುತು. ಕಡ್ಡಿಗೆ ನೀರು ತಾಗಿದರೆ ನೀರಿನ ಮೂಲಕವೇ ಸಣ್ಣ ಕರೆಂಟು ಹರಿದು ಡಬ್ಬಿಗೆ ಗೊತ್ತಾಗುತ್ತದೆ. ಮುಟ್ಟಿದರೂ ಹೊಡೆಯದಷ್ಟು ಸಣ್ಣದು. ಟ್ಯಾಂಕಿನ ನೀರು ಕೆಳಗಿನ ಕಡ್ಡಿ ಬಿಟ್ಟಾಗ ಮೋಟಾರು ಹೊರಡಬೇಕು, ಮೇಲಿನ ಕಡ್ಡಿ ಮುಟ್ಟಿದಾಗ ನಿಲ್ಲಬೇಕು. ಬೋರಿನಲ್ಲಿ ಇದರ ತಿರುಗುಮುರುಗು: ನೀರು ಕೆಳಗಿನ ಕಡ್ಡಿ ಬಿಟ್ಟಾಗ ನಿಲ್ಲಬೇಕು, ಮತ್ತೆ ಏರಿ ಮೇಲಿನದನ್ನು ಮುಟ್ಟುವ ತನಕ ಹೊರಡಬಾರದು.

ಒಂದೇ ಕಡ್ಡಿ ಸಾಲದೇ ಎಂದು ಜುಂಜಪ್ಪ ಕೇಳಿದ. ಸಾಲದು ಎಂದ ನಾಗೇಂದ್ರಪ್ಪ. ಒಂದೇ ಇದ್ದರೆ ನೀರು ಒಂದು ಬೆರಳು ಏರಿದರೆ ಹೊರಡುತ್ತದೆ, ಒಂದು ಬೆರಳು ಇಳಿದರೆ ನಿಲ್ಲುತ್ತದೆ, ನಿಮಿಷಕ್ಕೆ ಹತ್ತು ಸಲ. ಅದಕ್ಕಿಂತ ಒಣಗಿ ಸುಡುವುದೇ ಮೇಲು.

ಟ್ಯಾಂಕಿನ ಕೆಲಸ ಬೇಗ ಮುಗಿಯಿತು. ಮೇಲಿನ ಕಡ್ಡಿಯನ್ನು ಹೊರಚೆಲ್ಲುವ ತೂತಿಗಿಂತ ಒಂದು ಗೇಣು ಕೆಳಗೆ ಕಟ್ಟಿದರು. ನೀರು ಬೀಳುವ ಪೈಪಿನಿಂದ ದೂರದ ಮೂಲೆಯಲ್ಲಿ ಕಟ್ಟಿದರು, ಇಲ್ಲವಾದರೆ ಹನಿ ಸಿಡಿದು ತುಂಬಿತೆಂದು ಸುಳ್ಳು ಹೇಳೀತು ಎಂದು. ಬೋರಿನದು ಅಳತೆಯ ಕೆಲಸ. ಪಂಪು ಒಂಬತ್ತು ಪೈಪಿನ ಕೆಳಗಿತ್ತು. ಪೈಪಿಗೆ ಇಪ್ಪತ್ತು ಅಡಿ, ಒಟ್ಟು ನೂರ ಎಂಬತ್ತು. ಕೆಳಗಿನ ಕಡ್ಡಿ ಅದಕ್ಕಿಂತ ಹತ್ತು ಹನ್ನೆರಡು ಅಡಿ ಮೇಲಿರಬೇಕು. ನಾಗೇಂದ್ರಪ್ಪ ಟೇಪು ತಂದಿರಲಿಲ್ಲ. ಎರಡೂ ಕೈ ಚಾಚಿದರೆ ಒಂದು ಮಾರು, ಮಾರಿಗೆ ಆರಡಿ ಎಂದು ಬೆರಳು ಮಡಿಸಿ ಲೆಕ್ಕ ಹಾಕಿದ.

"ಕೆಳಗಿಂದಕ್ಕೆ ಇಪ್ಪತ್ತೆಂಟು ಮಾರು, ಮೇಲಿಂದಕ್ಕೆ ಇಪ್ಪತ್ಮೂರು, ಎಲ್ಲಕ್ಕಿಂತ ಕೆಳಗಿಂದಕ್ಕೆ ಇಪ್ಪತ್ತೊಂಬತ್ತು. ಅಳೆ ಜುಂಜಣ್ಣ."

ಜುಂಜಪ್ಪ ತೋಳು ಚಾಚಿ ಚಾಚಿ ಅಳೆದ. ಪ್ಲಾಸ್ಟಿಕ್ ಗೂಡಿನೊಳಗಿನ ಮೂರು ಕಡ್ಡಿಗಳು ಪೈಪಿನ ಪಕ್ಕದಲ್ಲಿ ಬೋರಿಗೆ ಇಳಿದವು.

ಹತ್ತು ಗಂಟೆಗೆ ಕರೆಂಟು ಬಂತು. ಡಬ್ಬಿಯೊಳಗೆ ಟಕ್ ಎಂದಿತು, ಸ್ಟಾರ್ಟರು ಧಡ್ ಎಂದಿತು, ಯಾರೂ ಮುಟ್ಟದೆ ಮೋಟಾರು ಹೊರಟಿತು. ನಲವತ್ತು ನಿಮಿಷಕ್ಕೆ ಟ್ಯಾಂಕು ತುಂಬಿತು, ತಾನೇ ನಿಂತಿತು. ಅಂಗಳಕ್ಕೆ ಒಂದು ಹನಿ ಬೀಳಲಿಲ್ಲ. ಜುಂಜಪ್ಪ ಮನೆಗೆ ಓಡಿ ಬಿಳಿ ಅಂಗಿ ಹಾಕಿಕೊಂಡೇ ಬಂದ.

"ಅಂಗಿ ಬಿಚ್ಚು," ಎಂದ ನಾಗೇಂದ್ರಪ್ಪ. "ಅರ್ಧ ಪರೀಕ್ಷೆ ಆತು. ಒಣಗೋದು ನೋಡಬೇಕಲ್ಲ."

ಬೋರು ಒಣಗಿಸಬೇಕೆಂದರೆ ಟ್ಯಾಂಕು ತುಂಬಬಾರದು. ಊರಿನ ವಾಲ್ವು ಪೂರ್ತಿ ತೆರೆದರು. ಹೊತ್ತಲ್ಲದ ಹೊತ್ತಿನಲ್ಲಿ ನಲ್ಲಿಗಳಲ್ಲಿ ನೀರು ಬಂದು ಊರಿಗೆ ಊರೇ ಕೊಡ, ಬಕೆಟ್ಟು, ಹಂಡೆ ಹಿಡಿದು ಬೀದಿಗೆ ಬಿತ್ತು. ಜುಂಜಪ್ಪನ ಅಕ್ಕನ ಮಗಳಿಗೆ ದಿನಾ ಮದುವೆ ಆಗಲಿ ಎಂದು ಒಬ್ಬಳು ಹಾರೈಸಿದಳು. ಪಂಪಿನ ಕೋಣೆಯಲ್ಲಿ ಇವರು ಮೂವರು ಡಬ್ಬಿಯ ಮೇಲಿನ ಹಸಿರು ದೀಪ ನೋಡುತ್ತಾ ಕುಳಿತರು. ಬೋರಿನ ನೀರು ಇಳಿದರೆ ಆ ದೀಪ ಆರಿ ಮೋಟಾರು ನಿಲ್ಲಬೇಕಿತ್ತು.

ಹನ್ನೆರಡೂವರೆಯ ಹೊತ್ತಿಗೆ ಜುಂಜಪ್ಪನ ಕೈ ಪೈಪಿನ ಮೇಲೆ ಬಿಗಿಯಾಯಿತು. ಪೈಪು ನಡುಗುತ್ತಿತ್ತು. ಆಂಪ್ಸ್ ತೋರಿಸುವ ಮುಳ್ಳು ಹತ್ತರಿಂದ ಏಳಕ್ಕೆ ಬಿತ್ತು. ಹಸಿರು ದೀಪ ಉರಿಯುತ್ತಲೇ ಇತ್ತು. ಅವನು ಹಾರಿ ಕೆಂಪು ಗುಂಡಿ ಹೊಡೆದ.

"ಗಾಳಿ ಎಳೀತಿತ್ತು," ಎಂದ. ಬೆವೆತಿದ್ದ. "ನಿನ್ನ ಡಬ್ಬಿಗೆ ಕಣ್ಣಿಲ್ಲ ನಾಗೇಂದ್ರಪ್ಪ. ನಾನು ಹೋಗಾಂಗಿಲ್ಲ."

ನಾಗೇಂದ್ರಪ್ಪನ ಮುಖ ಸಣ್ಣದಾಯಿತು. ಡಬ್ಬಿಯಿಂದ ಕೆಳಗಿನ ಕಡ್ಡಿಯ ವೈರು ಬಿಚ್ಚಿದ. ಟಕ್ ಎಂದು ಹಸಿರು ದೀಪ ಆರಿತು. ಸೇರಿಸಿದ, ಬಿಚ್ಚಿದ, ಮತ್ತೆ ಪರೀಕ್ಷಿಸಿದ. ಡಬ್ಬಿ ಸರಿಯಿತ್ತು. ಅಂದರೆ ಪಂಪಿನ ಬಾಯಿಗೆ ನೀರಿಲ್ಲದಾಗಲೂ ಅದಕ್ಕಿಂತ ಹನ್ನೆರಡು ಅಡಿ ಮೇಲಿರುವ ಕಡ್ಡಿ ನೀರಿನಲ್ಲೇ ಇತ್ತು. ಆಗುವ ಮಾತಲ್ಲ ಅದು. ವೈರಿನ ಸಿಪ್ಪೆ ಹರಿದಿದೆಯೇ, ಕಡ್ಡಿ ಪೈಪಿಗೆ ತಾಗಿದೆಯೇ ಎಂದು ಯೋಚಿಸಿದ. ಮೂರು ಗಂಟೆಯ ಬಸ್ಸಿಗೆ ಎರಡೂಕಾಲು ಗಂಟೆ ಉಳಿದಿತ್ತು.

ಅಂಜಿನಮ್ಮ ಗಂಡನ ತೋಳನ್ನೇ ನೋಡುತ್ತಿದ್ದಳು.

"ಮಾರಿಗೆ ಎಷ್ಟು ಹಿಡಿದಿರಿ ನಾಗೇಂದ್ರಣ್ಣ?"

"ಆರಡಿ. ಎಲ್ಲರಿಗೂ ಅಷ್ಟೇ ಅಲ್ಲೇನವ್ವ?"

"ಎಲ್ಲರಿಗೂ ಅಷ್ಟೇ. ಇವರಿಗಲ್ಲ. ಕಂಬಳಿ ನೂಲು ಇವರು ಅಳೆದು ಕೊಟ್ರೆ ಮಗ್ಗದವರು ಹತ್ತು ಮಾರಿಗೆ ಹನ್ನೊಂದು ಅಂತ ಬರಕೊಂತಾರೆ."

ಊರಿಗೆಲ್ಲ ಎತ್ತರದ ಜುಂಜಪ್ಪ ತನ್ನ ಎರಡು ಕೈಗಳನ್ನೂ ಹೊಸದಾಗಿ ಕಂಡವನಂತೆ ನೋಡಿಕೊಂಡ. ನಾಗೇಂದ್ರಪ್ಪ ಗೋಡೆಯ ಮೇಲೆ ಇದ್ದಿಲಿನಿಂದ ಗೀಚಿದ. ಆ ಮಾರಿನಲ್ಲಿ ಇಪ್ಪತ್ತೆಂಟೆಂದರೆ ಹತ್ತಿರ ಹತ್ತಿರ ನೂರ ಎಂಬತ್ತೈದು ಅಡಿ. ಕಡ್ಡಿ ಪಂಪಿಗಿಂತ ಕೆಳಗೆ ತಣ್ಣಗೆ ನೀರಿನಲ್ಲಿ ಕುಳಿತಿತ್ತು. ಪಂಪು ಸತ್ತರೂ ಅದಕ್ಕೆ ಗೊತ್ತಾಗುವಂತಿರಲಿಲ್ಲ.

ನಾಗೇಂದ್ರಪ್ಪ ಗೋಡೆಗೊರಗಿ ನಗತೊಡಗಿದ. "ನಿಮ್ಮಪ್ಪ ನಿನಗೆ ಕೈ ಮಾಡಿದ್ನೋ, ಎತ್ತಿನ ನೊಗ ಮಾಡಿದ್ನೋ."

ಹೊರಗೆ ಒಂದು ಹಳೆಯ ಪೈಪು ಬಿದ್ದಿತ್ತು, ಸರಿಯಾಗಿ ಇಪ್ಪತ್ತು ಅಡಿ. ಮೂವರೂ ವೈರುಗಳನ್ನು ಮೇಲೆಳೆದು, ಆ ಪೈಪಿನ ಉದ್ದಕ್ಕೆ ಹಾಸಿ ಹಾಸಿ ಅಳೆದರು. ಕೆಳಗಿನ ಕಡ್ಡಿಗೆ ಎಂಟೂವರೆ ಪೈಪು, ಮೇಲಿನದಕ್ಕೆ ಏಳು. ಎಲ್ಲಕ್ಕಿಂತ ಕೆಳಗಿನದು ಎಂಟೂಮುಕ್ಕಾಲು. ಗಂಟು ಹಾಕಿ ಇಳಿಸುವಾಗ ಅಂಜಿನಮ್ಮ ಗಂಡನಿಗೆ ಕೈ ಹಚ್ಚಲು ಬಿಡಲಿಲ್ಲ.

ಒಂದೂಕಾಲಿಗೆ, ಬೋರಿನ ನೀರು ಏರಿ ಮೇಲಿನ ಕಡ್ಡಿ ಮುಟ್ಟಿದಾಗ, ಹಸಿರು ದೀಪ ತಾನೇ ಹೊತ್ತಿತು. ಟಕ್, ಧಡ್, ಮೋಟಾರು ಹೊರಟಿತು. ಈಗ ಅದು ತಾನೇ ನಿಲ್ಲುವುದನ್ನು ನೋಡಬೇಕಿತ್ತು, ಅಷ್ಟೇ. ಎರಡು ಗಂಟೆ. ಎರಡೂವರೆ. ಮುಳ್ಳು ಹತ್ತರಲ್ಲೇ ಇತ್ತು. ಜುಂಜಪ್ಪ ಒಮ್ಮೆ ಪೈಪು ಮುಟ್ಟುತ್ತಿದ್ದ, ಒಮ್ಮೆ ಹೊರಗೆ ಹೋಗಿ ರಸ್ತೆ ನೋಡುತ್ತಿದ್ದ. ಮೂರಕ್ಕೆ ಐದು ನಿಮಿಷವಿದ್ದಾಗ ದೂರದಲ್ಲಿ ಬಸ್ಸಿನ ಧೂಳು ಎದ್ದಿತು. ಮೋಟಾರು ಓಡುತ್ತಲೇ ಇತ್ತು.

"ಹೋಗ್ರಿ," ಎಂದಳು ಅಂಜಿನಮ್ಮ.

"ನಿಲ್ಲದೇ ಹೋದ್ರೆ?"

ಅವಳು ಗಂಡನ ಕೈ ಹಿಡಿದು ಪೈಪಿನ ಮೇಲಿಂದ ತೆಗೆದಳು. ಅಲ್ಲಿ ತನ್ನ ಕೈ ಇಟ್ಟಳು. ಇನ್ನೊಂದು ಕೈಯ ಹೆಬ್ಬೆರಳನ್ನು ಕೆಂಪು ಗುಂಡಿಯ ಮೇಲಿಟ್ಟಳು.

"ಹದಿಮೂರು ವರ್ಸ ನೀವು ಊಟಕ್ಕೆ ಕೂತಾಗೆಲ್ಲ ಈ ಪೈಪಿನ ಮಾತೇ ಕೇಳೀನಿ. ನಡುಗಿದ್ರೆ ಹೆಂಗಿರತೈತಿ ಅಂತ ನನಗೂ ಗೊತ್ತು. ಹೋಗ್ರಿ, ಆ ಹುಡುಗಿ ಕಾಯ್ತಾ ಇರ್ತಾಳೆ."

ಜುಂಜಪ್ಪ ಓಡಿದ. ಬಸ್ಸು ಹೊರಟೇಬಿಟ್ಟಿತ್ತು. ಆ ಉದ್ದನೆಯ ತೋಳು ಚಾಚಿ ಹಿಂದಿನ ಬಾಗಿಲ ಕಂಬಿ ಹಿಡಿದು ಹತ್ತಿದ.

ಮೂರೂ ಹತ್ತಕ್ಕೆ, ಬಸ್ಸು ಕಣ್ಮರೆಯಾದ ಮೇಲೆ, ಹಸಿರು ದೀಪ ಆರಿತು. ಸ್ಟಾರ್ಟರು ಬಿಟ್ಟುಕೊಂಡಿತು. ಪೈಪು ಒಮ್ಮೆಯೂ ನಡುಗಿರಲಿಲ್ಲ, ಮುಳ್ಳು ಹತ್ತರಿಂದ ನೇರ ಸೊನ್ನೆಗೆ ಬಂದಿತ್ತು. ಅಂಜಿನಮ್ಮ ಹೆಬ್ಬೆರಳನ್ನು ಗುಂಡಿಯ ಮೇಲಿಂದ ತೆಗೆದು ನೋಡಿದಳು. ಒತ್ತಿರಲಿಲ್ಲ. ಅವಳು ಮತ್ತು ನಾಗೇಂದ್ರಪ್ಪ ಒಬ್ಬರ ಮುಖ ಒಬ್ಬರು ನೋಡಿ, ಮಕ್ಕಳ ಹಾಗೆ ಗಟ್ಟಿಯಾಗಿ ನಕ್ಕರು. ಸಂಜೆ ನಾಲ್ಕೂವರೆಗೆ ಬೋರು ತುಂಬಿ ಮೋಟಾರು ತಾನೇ ಹೊರಟಿತು, ಊರಿನ ವಾಲ್ವು ಮುಚ್ಚಿದ್ದರಿಂದ ಕತ್ತಲಾಗುವ ಮೊದಲು ಟ್ಯಾಂಕು ತುಂಬಿ ತಾನೇ ನಿಂತಿತು.

ಇದಾವುದೂ ಜುಂಜಪ್ಪನಿಗೆ ಗೊತ್ತಿರಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ವಾಪಸು ಹೋಗಿಬಿಡೋಣವೇ ಎಂದು ಎರಡು ಸಲ ಅನ್ನಿಸಿತು ಅವನಿಗೆ. ಹೊನ್ನಾಳಿಯ ಬಸ್ಸು ಹತ್ತಿದ.

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಸಾಸ್ವೆಹಳ್ಳಿಯ ಹಂದರದಲ್ಲಿ ಜುಂಜಪ್ಪ ಕೊಟ್ರಮ್ಮನ ಕೈಹಿಡಿದು ಹಸೆಗೆ ಕರೆತಂದ. ಕೊಟ್ಟ ಮಾತು ನಡೆಸಿದ.