ನಾಲ್ಕನೇ ಪತ್ರಕ್ಕೆ ಬಂದ ಉತ್ತರಗಳು

ಹೊಸದಾಗಿ ನಮ್ಮ ಆಫೀಸಿಗೆ ಬರುವ ಗಿರಾಕಿಗಳಿಗೆ ಐದು ಇ-ಮೇಲ್ ಬರೆಯಬೇಕು ಎಂದು ಚಂದ್ರ ಸಾರ್ ಹೇಳಿದಾಗ ನಾನು ಆಂಧ್ರದ ಗಡಿಯೂರು ಆದೋನಿಯಲ್ಲಿದ್ದ ಎಲ್ಲರಿಗಿಂತ ಹೆಚ್ಚು ಹೆದರಿದ್ದೆ. ನನ್ನ ಕೆಲಸ ಅಲ್ಲಿಯವರೆಗೂ ಬಿಲ್ ಟೈಪ್ ಮಾಡುವುದು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಎರಡು ವರ್ಷವಾದರೂ ಗೋಡೆಯ ಪಕ್ಕದ ಆ ಟೇಬಲ್ಲೇ ನನಗೆ ಗತಿಯಾಗಿತ್ತು.

ಚಂದ್ರ ಸಾರ್ ಟ್ಯಾಕ್ಸ್ ಕನ್ಸಲ್ಟೆಂಟ್. ಹತ್ತಿ ಮಾರ್ಕೆಟ್ಟಿನ ಹತ್ತಿರ ಮೊದಲನೇ ಮಹಡಿಯಲ್ಲಿ ಅವರ ಆಫೀಸು. "ಶಿವಲೀಲಾ, ಈ ಸಲ ಮೂವತ್ತೊಂದು ಮಂದಿ ಹೊಸಬರು ಬಂದಾರ. ರಿಟರ್ನ್ ಹಾಕಿಸಿ ಹೋದ್ರ ಮುಂದಿನ ವರ್ಷದ ತನಕ ಮುಖ ತೋರಿಸಲ್ಲ. ಅವರಿಗೆ ನಮ್ಮ ಬೇರೆ ಕೆಲಸಾನೂ ಗೊತ್ತಾಗಬೇಕು. ಎಂಟು ಮಂದಿ ಹೆಚ್ಚಿನ ಸರ್ವೀಸ್ ತಗೊಂಡ್ರ, ಆ ಮೂವತ್ತೊಂದು ಮಂದೀನ ನೀನೇ ನೋಡಿಕೋ. ಬಿಲ್ಲು ಬ್ಯಾರೆಯವರು ಟೈಪ್ ಮಾಡ್ತಾರ" ಎಂದರು. ಅಲ್ಲಿಂದ ಮೂರನೇ ಶನಿವಾರ ಗಡುವು.

ಒಂದು ವಾರ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಮೊದಲನೆಯದು ಬಂದ ದಿನವೇ ಹೋಗುವ ಸ್ವಾಗತ: ಯಾರಿಗೆ ಫೋನ್ ಮಾಡಬೇಕು, ಆಫೀಸು ಎಷ್ಟು ಗಂಟೆಗೆ ತೆರೆಯುತ್ತದೆ. ಮೂರನೇ ದಿನ ಎರಡನೆಯದು: ಯಾವ ಕಾಗದಗಳು ಬೇಕು, ಯಾವ ಲಿಂಕಿನಲ್ಲಿ ಹಾಕಬೇಕು. ಆರನೇ ದಿನ ವರ್ಷದ ಮುಖ್ಯ ಗಡುವುಗಳ ಪಟ್ಟಿ. ಹತ್ತನೇ ದಿನ ನಾಲ್ಕನೆಯದು, ಅದೇ ಮುಖ್ಯ. ಒಂದು, ತಿಂಗಳು ತಿಂಗಳು ಲೆಕ್ಕ ಬರೆದುಕೊಡುವುದು. ಎರಡು, ಕೆಲಸದವರ ಸಂಬಳದ ರಿಜಿಸ್ಟರು, ಪಿಎಫ್, ಆಸ್ಪತ್ರೆ ವಿಮೆಯ ಇಎಸ್‌ಐ. ಮೂರು, ಬ್ಯಾಂಕಿಗೆ ಕೊಡುವ ಯೋಜನಾ ವರದಿ. ಬೇಕಾದವರು ಆ ನಂಬರ್ ಬರೆದು ಉತ್ತರ ಕೊಟ್ಟರೆ ಸಾಕು. ಉತ್ತರ ಬಂದ ಕೂಡಲೇ ಅವರಿಗೆ ಐದನೇ ಪತ್ರ ನಿಲ್ಲುತ್ತದೆ, ನಾವು ಫೋನ್ ಮಾಡುತ್ತೇವೆ. ಐದನೆಯದು ಹದಿನೈದನೇ ದಿನ, ನೆನಪಿಸಲು. ಎಲ್ಲವೂ ತೆಲುಗಿನಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ. ಪ್ರತಿ ಪತ್ರದ ಕೊನೆಗೆ 'ಇನ್ನು ಬೇಡ' ಎನ್ನುವ ಲಿಂಕನ್ನೂ ಹಾಕಿದೆ. ಬೇಡ ಎನ್ನುವವರಿಗೆ ಅಷ್ಟಾದರೂ ದಾರಿ ಇರಬೇಕಲ್ಲ ಎನ್ನಿಸಿತ್ತು.

ಹೊಸಬರ ಹೆಸರು, ಇ-ಮೇಲ್ ಶೀಟಿನಲ್ಲಿ ತುಂಬಿ ಬಟನ್ ಒತ್ತಿದೆ; ಇನ್ನು ಆಯಾ ದಿನ ಪತ್ರ ತಾನಾಗಿ ಹೋಗುತ್ತದೆ.

ಆಮೇಲೆ ಆಗಿದ್ದು ನನ್ನ ಹೆದರಿಕೆಗೆ ಪೂರ್ತಿ ತಿರುಗುಮುರುಗು. ಮೊದಲ ಪತ್ರವನ್ನು ಇಪ್ಪತ್ತಾರು ಮಂದಿ ತೆರೆದಿದ್ದರು. ಎರಡನೇ ಪತ್ರ ಹೋಗಿ ಮರುದಿನಕ್ಕೆ ಹದಿನಾಲ್ಕು ಮಂದಿ ಕಾಗದ ಅಪ್‌ಲೋಡ್ ಮಾಡಿಬಿಟ್ಟಿದ್ದರು. ಪ್ಯಾನ್, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲ ನೇರವಾಗಿ, ಒಂದೇ ಅಳತೆಯಲ್ಲಿ.

"ನನ್ನ ಇಪ್ಪತ್ತು ವರ್ಷದಾಗ ಇಂಥ ಮಂದೀನ ನೋಡಿಲ್ಲ" ಎಂದು ಸಾರ್ ಚಹಾ ತರಿಸಿದರು.

ನನಗೂ ಖುಷಿ ಆಗಬೇಕಿತ್ತು. ಆದರೆ ಒಂದು ಪಾಸ್‌ಬುಕ್ಕು ಕೇಳಿ ಆರು ಸಲ ಫೋನ್ ಮಾಡಿದ ಅಭ್ಯಾಸ ನನ್ನದು. ಪೆದ್ದಕಡುಬೂರಿನ ಕುರಿ ವ್ಯಾಪಾರಿ ಜಂಬಯ್ಯ ಸಂತೆಯ ದಿನ ತನ್ನ ಕಾಗದ ಅಳತೆಗೆ ಕತ್ತರಿಸಿ ಸ್ಕ್ಯಾನ್ ಮಾಡಿ ಕಳಿಸಿದ ಎನ್ನುವುದು ಯಾಕೋ ನಂಬಲಾಗಲಿಲ್ಲ. ನಂಬದಿರಲು ನಾನು ಯಾರು ಎಂದೂ ಅನ್ನಿಸಿತು.

ನಾಲ್ಕನೇ ಪತ್ರ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಯಿತು. ಹನ್ನೊಂದೂ ಇಪ್ಪತ್ತಕ್ಕೆ ಹದಿನಾಲ್ಕು ಉತ್ತರ ಬಂದಿತ್ತು. ಹದಿನಾಲ್ಕೂ ಒಂದೇ: 'ಯೆಸ್ ಸಾರ್. 1, 2, 3.'

ಸಾರ್ ಎದ್ದು ಬಂದು ನನ್ನ ಪರದೆ ನೋಡಿದರು. "ಎಂಟು ಕೇಳಿದ್ದೆ, ಹದಿನಾಲ್ಕು ತಂದೀಯಲ್ಲ. ಶನಿವಾರ ಮುಂಜಾನೆ ಎಲ್ಲರ ಮುಂದ ಹೇಳ್ತೀನಿ. ನಿನ್ನ ಟೇಬಲ್ ಕಿಟಕಿ ಹತ್ರ ಹಾಕಿಸ್ತೀನಿ."

ಅವರು ಹೋದ ಮೇಲೆ ಜಂಬಯ್ಯನಿಗೆ ಫೋನ್ ಮಾಡಿದೆ. ಹಿಂದಿನಿಂದ ಕುರಿಗಳ ಸದ್ದು.

"ನಮಸ್ಕಾರ್ರಿ, ಚಂದ್ರ ಸಾರ್ ಆಫೀಸಿಂದ. ಸಂಬಳದ ರಿಜಿಸ್ಟರ್ ಬೇಕು ಅಂತ ಉತ್ತರ ಕೊಟ್ಟೀರಲ್ರಿ, ಅದಕ್ಕ ಮಾಡಿದೆ. ನಿಮ್ಮ ಹತ್ರ ಎಷ್ಟು ಮಂದಿ ಕೆಲಸದವರು ಅದಾರ?"

"ಕೆಲಸದವರಾ? ಎರಡು ನಾಯಿ, ನನ್ನ ಬಾಮೈದ. ಅದರಾಗ ಬಾಮೈದ ಕೆಲಸ ಮಾಡಲ್ಲ."

"ಇ-ಮೇಲಿನಾಗ ಹೌದು ಅಂತ ಬರೆದೀರಲ್ರಿ."

"ನಾನು ಎಲ್ಲಿ ಬರೆದೆನಮ್ಮಾ? ನನ್ನ ಮೇಲು ಮೌಲಾಲಿ ಹತ್ರ ಐತಿ. ನನಗ ಅದು ಹೆಂಗ ಕಾಣತೈತಿ ಅಂತನೂ ಗೊತ್ತಿಲ್ಲ. ನಾನು ಬಂದಿದ್ದು ಲಾರಿ ಲೋನಿಗೆ ರಿಟರ್ನ್ ಬೇಕು ಅಂತ, ಅಷ್ಟೇ."

ಫೋನ್ ಇಟ್ಟು ಹದಿನಾಲ್ಕು ಇ-ಮೇಲ್ ವಿಳಾಸಗಳನ್ನು ಒಂದರ ಕೆಳಗೊಂದು ಓದಿದೆ. ಹೆಸರುಗಳು ಬೇರೆ ಬೇರೆ. ಎಲ್ಲ ಹೆಸರಿನ ಕೊನೆಗೂ ಮೌಲಾಲಿಯ 'ಎಂಎಲ್' ಮತ್ತು ಒಂದು ನಂಬರು.

ಮೌಲಾಲಿಯ ನೆಟ್ ಸೆಂಟರು ಬಸ್ ಸ್ಟ್ಯಾಂಡಿನ ಎದುರಿಗೆ. ಪ್ಯಾನ್ ಕಾರ್ಡಿಗೆ, ಪಾಸ್‌ಪೋರ್ಟಿಗೆ, ಯಾವುದಾದರೂ ಅರ್ಜಿಗೆ ಬಂದವರಿಗೆ ಇ-ಮೇಲ್ ಇಲ್ಲದಿದ್ದರೆ ಅವರೇ ಒಂದನ್ನು ಮಾಡಿಕೊಡುತ್ತಾರೆ. ಪಾಸ್‌ವರ್ಡು ತಮ್ಮ ನೋಟ್‌ಬುಕ್ಕಿನಲ್ಲಿ. ಬಂದ ಪತ್ರವೆಲ್ಲ ತಮ್ಮ ಒಂದೇ ಡಬ್ಬಿಗೆ ಬೀಳುವಂತೆ ಹೊಂದಿಸಿಕೊಂಡಿದ್ದಾರೆ, ಓಟಿಪಿ ಬಂದರೆ ಗಿರಾಕಿ ಕಾಯಬಾರದು ಎಂದು. ನಾನು ಹೋದಾಗ ಅವರು ಒಬ್ಬರಿಗೆ ಜಾತಿ ಪ್ರಮಾಣಪತ್ರ ಪ್ರಿಂಟ್ ತೆಗೆಯುತ್ತಿದ್ದರು.

"ಮೌಲಾಲಿ ಭಾಯ್, ನಮ್ಮ ಆಫೀಸಿನ ಪತ್ರಕ್ಕ ಉತ್ತರ ಕೊಟ್ಟಿದ್ದು ನೀವಾ?"

"ಹಾಂ ಬೇಟಿ. ಚಲೋ ಬರೆದೀ. ಎಲ್ಲಾ ಓದಿದೆ. ಗಡುವಿನ ಪಟ್ಟಿ ಪ್ರಿಂಟ್ ತೆಗೆದು ಇಲ್ಲೇ ಗೋಡೆಗೆ ಹಚ್ಚೀನಿ, ನೋಡು." ನಿಜಕ್ಕೂ ಹಚ್ಚಿದ್ದರು. "ಕಾಗದ ನನ್ನ ಹತ್ರನ ಇದ್ದವು, ಹಾಕಿದೆ. ಹೌದು ಅಂತ ಕೇಳಿದಿ, ಹೌದು ಅಂದೆ."

"ಅವರನ್ನ ಕೇಳಲಿಲ್ಲಲ್ರಿ."

"ಆಫೀಸಿನಿಂದ ಬಂದ ಪತ್ರಕ್ಕ ಇಲ್ಲ ಅಂತ ಬರೆದ್ರ ಗಿರಾಕಿಗೆ ನೋಟಿಸ್ ಬಂದ್ರ? ಹೌದು ಅಂದ್ರ ಯಾರಿಗೆ ನುಕ್ಸಾನ್? ಬೇಕಾದ್ರ ಆಮೇಲೆ ಬೇಡ ಅನ್ನಬಹುದು."

"ನಮ್ಮದು ಸರ್ಕಾರಿ ಆಫೀಸಲ್ಲ ಭಾಯ್."

"ನಿಮ್ಮ ಪತ್ರದ ಮೇಲೆ ಸೀಲಿನಂಥ ಗುಂಡನೆಯ ಗುರುತು ಐತಲ್ಲ."

ಅದು ನಾನೇ ಹಾಕಿದ್ದ ಲೋಗೊ. ಸುಂದರವಾಗಿದೆ ಎಂದುಕೊಂಡಿದ್ದೆ.

ಅಲ್ಲಿಂದ ಆಫೀಸಿಗೆ ನಡೆಯುವಾಗ ಸುಮ್ಮನಿದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ಸುಳ್ಳು ಹೇಳಿದಂತೆ. ಶನಿವಾರ ಟೇಬಲ್ ಕಿಟಕಿಯ ಹತ್ತಿರ ಬರುತ್ತದೆ. ಸೋಮವಾರ ಯಾರೋ ಜಂಬಯ್ಯನ ಬಾಮೈದನಿಗೆ ಸಂಬಳದ ರಿಜಿಸ್ಟರು ತೆರೆಯುತ್ತಾರೆ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ ಪಾಸ್‌ಬುಕ್ಕುಗಳು. ನಾನು ಬರೆದ ಪತ್ರ ಯಾರ ಕೈಗೆ ಹೋಗುತ್ತದೆ ಎಂದು ಒಂದು ಸಲವೂ ಕೇಳದೆ ಅವರ ಕಾಗದ ತರಿಸಿಕೊಂಡಿದ್ದೆ. ಮೌಲಾಲಿ ಒಳ್ಳೆಯವರಾಗಿದ್ದು ನನ್ನ ಅದೃಷ್ಟ.

ಸಾರ್ ಊಟದ ಡಬ್ಬಿ ತೆರೆಯುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ. ಅವರು ಡಬ್ಬಿ ಮುಚ್ಚಿದರು.

"ಅಂದ್ರ ಹದಿನಾಲ್ಕರಾಗ ಎಷ್ಟು ನಿಜ?"

"ಒಂದೂ ಇಲ್ಲ ಸಾರ್. ಅವರನ್ನ ಯಾರೂ ಕೇಳಿಲ್ಲ."

"ಇದನ್ನ ಪರೀಕ್ಷೆ ಮಾಡು ಅಂತ ಯಾರು ಹೇಳಿದ್ರು ನಿನಗ?"

ಅವರು ಡಬ್ಬಿ ಪಕ್ಕಕ್ಕೆ ಸರಿಸಿ, "ಶನಿವಾರಕ್ಕ ಎಂಟು ಅಂದಿದ್ದೆ. ಎಂಟೇ. ನನ್ನ ಮಾತು ಬದಲಾಗಲ್ಲ. ಕಾಗದದ ವಿಷಯ ಮೊದಲು ಸರಿ ಮಾಡು" ಎಂದರು.

ಮಧ್ಯಾಹ್ನವೇ ಐದನೇ ಪತ್ರ ನಿಲ್ಲಿಸಿದೆ. ಸ್ವಾಗತದ ಮೊದಲ ಹೆಜ್ಜೆಯೇ ಈಗ ಫೋನು: 'ನಿಮ್ಮ ಇ-ಮೇಲ್ ತೆರೆಯುವವರು ಯಾರು? ನಿಮ್ಮ ಕಾಗದ ಅವರ ಮೂಲಕ ಬಂದರೆ ಸರಿಯೇ?' ಶೀಟಿನಲ್ಲಿ ಅದಕ್ಕೊಂದು ಹೊಸ ಕಾಲಂ. ಅದು ಖಾಲಿ ಇದ್ದರೆ ಪತ್ರ ಹೊರಡುವುದಿಲ್ಲ. ಹದಿನಾಲ್ಕು ಮಂದಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಹನ್ನೊಂದು ಮಂದಿ, ಮೌಲಾಲಿ ಹಾಕಿದ್ದು ಸರಿ ಎಂದರು. ಮೂವರು, ನಾವೇ ಬಂದು ಕೊಡುತ್ತೇವೆ ಎಂದರು. ಆ ಮೂವರ ಕಾಗದ ಅಳಿಸಿ, ಅಳಿಸಿದೆ ಎಂದು ಮತ್ತೆ ಫೋನ್ ಮಾಡಿ ಹೇಳಿದೆ. ಒಬ್ಬರು, "ಅಷ್ಟಕ್ಕ ಇನ್ನೊಂದು ಫೋನಾ?" ಎಂದು ನಕ್ಕರು.

ಅದೇ ಫೋನಿನಲ್ಲಿ ಏನು ಕೆಲಸ, ಎಷ್ಟು ಮಂದಿ, ಬ್ಯಾಂಕಿನ ಅಗತ್ಯ ಇದೆಯೇ ಎಂದು ಕೇಳಿದೆ. ಮೂರು ಸೇವೆಯ ಹೆಸರು ಎಲ್ಲರಿಗೂ ಹೇಳಲಿಲ್ಲ. ಬೇಕೆನ್ನಿಸಿದವರಿಗೆ ಬೇಕಾದ್ದನ್ನು ಮಾತ್ರ. ಜಂಬಯ್ಯ ತಾನಾಗಿಯೇ, "ಬ್ಯಾಂಕಿನವರು ಯೋಜನೆ ಅಂತ ಒಂದು ಕಾಗದ ಕೇಳ್ಯಾರ, ಅದು ನಿಮ್ಮ ಮೂರನೇದಾ?" ಎಂದ. ಅದೇ ಎಂದೆ.

ಎಮ್ಮಿಗನೂರು ರಸ್ತೆಯಲ್ಲಿ ಖಾರದ ಪುಡಿ ಪ್ಯಾಕ್ ಮಾಡಿಸುವ ಸುಭದ್ರಮ್ಮನವರು ಮೊದಲು ಬೈದರು. "ಏನಮ್ಮಾ, ನನ್ನ ಮೆಷಿನ್ ನಿಲ್ಲಿಸಿ ಮಾತಾಡಬೇಕಾ?"

"ಒಂದೇ ಮಾತು ಅಮ್ಮಾ. ನಿಮ್ಮಲ್ಲಿ ಎಷ್ಟು ಮಂದಿ ಹೆಣ್ಮಕ್ಕಳು ಕೆಲಸಕ್ಕ ಬರ್ತಾರ?"

"ಹನ್ನೊಂದು."

"ಹತ್ತು ಮಂದಿ ಆದ್ರ ಇಎಸ್‌ಐ ನೋಂದಣಿ ಮಾಡಿಸಬೇಕಾಗತೈತಿ ಅಮ್ಮಾ. ಮಾಡಿಸೀರಾ?"

ಆ ಕಡೆ ಮೆಷಿನ್ನಿನ ಸದ್ದು ನಿಂತಿತು. "ಹಂಗಂದ್ರೇನು, ಹೇಳು." ಹದಿನೈದು ನಿಮಿಷ ಹೇಳಿದೆ. ನಡುವೆ ಎರಡು ಸಲ, "ಇದು ನನಗ ಪೂರ್ತಿ ಗೊತ್ತಿಲ್ಲ, ಕೇಳಿ ಹೇಳ್ತೀನಿ" ಎಂದೆ. ಆಮೇಲೆ ಹಾಗೆ ಹೇಳಬಾರದಿತ್ತು ಎಂದು ಸಂಜೆಯವರೆಗೂ ಕೊರಗಿದೆ. ಕೇಳಿ, ತಿಳಿದುಕೊಂಡು, ಶುಕ್ರವಾರ ಮತ್ತೆ ಫೋನ್ ಮಾಡಿ ಹೇಳಿದೆ. ಅವರು, "ಯೋಚನೆ ಮಾಡ್ತೀನಿ" ಎಂದು ಫೋನ್ ಇಟ್ಟರು.

ಶನಿವಾರ ಬೆಳಿಗ್ಗೆ ನನ್ನ ಪಟ್ಟಿಯಲ್ಲಿ ಐದು ಹೆಸರಿತ್ತು. ಸುಭದ್ರಮ್ಮನವರನ್ನು ಬಿಟ್ಟು.

"ಐದು ಸಾರ್."

"ಎಂಟಲ್ಲ."

"ಅಲ್ಲ ಸಾರ್."

ಅವರು ಪಟ್ಟಿ ಓದಿದರು. ಎಲ್ಲರ ಮುಂದೆ ಏನನ್ನೂ ಹೇಳಲಿಲ್ಲ. ನಾನು ಗೋಡೆಯ ಪಕ್ಕದ ಟೇಬಲ್ಲಿಗೆ ಹೋಗಿ ಬಿಲ್ಲಿನ ಕಟ್ಟು ಬಿಚ್ಚಿದೆ. ನಿರಾಸೆಗಿಂತ ಮೊದಲು ಬಂದದ್ದು ಒಂದು ಬಗೆಯ ನಿರಾಳ. ಐದು ನಿಜವಾಗಿದ್ದವು, ಇನ್ನೇನನ್ನೂ ಮುಚ್ಚಿಡಬೇಕಿರಲಿಲ್ಲ. ನಿರಾಸೆ ಎರಡನೇ ಬಿಲ್ಲಿನ ಹೊತ್ತಿಗೆ ಬಂತು.

ಹನ್ನೆರಡಕ್ಕೆ ಆಫೀಸಿನ ಫೋನ್ ಸಾರ್ ಮೇಜಿನ ಮೇಲೆ ಹೊಡೆದುಕೊಂಡಿತು. ಅವರು ಎತ್ತಿದರು.

"ಹೇಳ್ರಿ ಸುಭದ್ರಮ್ಮಾ... ಹೌದು, ನಾನ ಚಂದ್ರ... ಇಎಸ್‌ಐ ನಾನ ಮಾಡಿಸ್ತೀನ್ರಿ... ಇಲ್ಲ, ನನಗ ಗೊತ್ತಿಲ್ಲದ್ದು ಅದರಾಗ ಏನಿಲ್ಲ..." ಅವರ ಹುಬ್ಬು ನಿಧಾನವಾಗಿ ಮೇಲೆ ಹೋಯಿತು. "ಗೊತ್ತಿಲ್ಲ ಅಂದವಳಾ? ಆಕಿನ ಬೇಕಾ?"

ಫೋನಿನ ಬಾಯಿ ಮುಚ್ಚಿ ನನ್ನ ಕಡೆ ನೋಡಿದರು. "ಆಕಿ ತಿಂಗಳು ತಿಂಗಳು ಲೆಕ್ಕಾನೂ ಕೊಡ್ತಾಳಂತ. ಆದ್ರ ನಿನ್ನ ಹತ್ರ ಬಿಟ್ರ ಯಾರ ಹತ್ರನೂ ಮಾತಾಡಲ್ಲಂತ. ಇನ್ನೂ ಆರೇ ಆಯ್ತು, ನೆನಪಿಟ್ಟುಕೋ."

"ಹೌದು ಸಾರ್."

"ಈ ಆರು ಮಂದಿ ನಿನ್ನವರು. ಉಳಿದವರ ಮಾತು ಆಮೇಲೆ. ತಪ್ಪು ಮಾಡಿದ್ರ ಅದೂ ನಿಂದೇ." ಫೋನ್ ನನ್ನ ಕಡೆ ಚಾಚಿದರು. ತಂತಿ ಗೋಡೆಯವರೆಗೆ ಬರುವಷ್ಟು ಉದ್ದವಿರಲಿಲ್ಲ. ಅವರು ಎದ್ದು ತಮ್ಮ ಕುರ್ಚಿ ತೋರಿಸಿ, ಬಿಲ್ಲಿನ ಕಟ್ಟು ತಾವೇ ತೆಗೆದುಕೊಂಡು ಹೊರಗಿನ ಬೆಂಚಿಗೆ ಹೋದರು.

ಕೂತೆ. ಒಂದು ಖಾಲಿ ಹಾಳೆ, ಪೆನ್ನು ಹತ್ತಿರ ಎಳೆದುಕೊಂಡೆ.

"ನಮಸ್ಕಾರ ಅಮ್ಮಾ" ಎಂದೆ. "ಹನ್ನೊಂದು ಮಂದಿಯ ಹೆಸರು ಒಂದೊಂದಾಗಿ ಹೇಳ್ರಿ. ನಿಧಾನಕ್ಕ."