ಕಹಿ ತೀರ್ಥ

ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ಮೇಲೆ ಜರ್ಮನಿಯ ಡಾರ್ಮ್‌ಸ್ಟಾಟ್‌ ಸೇರಿದ್ದ ಮಗನ ಮನೆಗೆ ಬಂದ ಅಂಬುಜಮ್ಮನಿಗೆ, ಗೇಟಿನ ಪಕ್ಕದ ಕುಂಡದಲ್ಲಿ ಕೆಂಪು ಕಣಗಿಲೆ ಕಂಡು ಹಿಡಿಸಲಾರದಷ್ಟು ಖುಷಿ. ಹೂ ಬಾಡದಿರಲೆಂದು ಸಂಜೆಯೇ ಗೊಂಚಲು ಮುರಿದು ತಾಮ್ರದ ಚೆಂಬಿನ ನೀರಿಗಿಟ್ಟರು. ಬೆಳಿಗ್ಗೆ ಪೂಜೆ ಮುಗಿಸಿ, ಆ ನೀರನ್ನೇ ತೀರ್ಥವೆಂದು ಶಾಲೆಗೆ ಹೊರಟ ಮೊಮ್ಮಗಳು ಸುರಭಿಯ ಅಂಗೈಗೆ ಮೊದಲು ಹಾಕಿದರು. ಅವಳು ಬಾಯಿಗಿಟ್ಟುಕೊಂಡು ಬಾತ್‌ರೂಮಿಗೆ ಓಡಿದಳು.

ಸ್ವಲ್ಪ ಹೊತ್ತಿಗೆ ಬಂದ ಸೊಸೆ ಕಲ್ಯಾಣಿ ಚೆಂಬು ನೋಡಿ ಬೆಚ್ಚಿದಳು. ಗೆಣ್ಣಿಗೆ ಮೂರು ಮೂರು ಉದ್ದನೆಯ ದಪ್ಪ ಎಲೆ. ಮುರಿದ ತೊಟ್ಟಿನಲ್ಲಿ ಬಿಳಿ ಅಂಟು.

“ಅತ್ತೆ, ಇದು ವಿಷ!”

“ವಿಷ ಹಳದಿ ಕಣಗಿಲೆ ಕಣೇ. ಮುರಿದ್ರೆ ಹಾಲು ಸುರಿಯುತ್ತಲ್ಲ, ಅದು. ನಂಗೊತ್ತಿಲ್ವಾ? ಇದು ದೇವರ ಹೂವು.”

“ಎರಡೂ ವಿಷ. ಎಲೆ, ಹೂವು, ನೆನೆಸಿದ ನೀರು, ಎಲ್ಲಾ!”

ಸುರಭಿಗೂ ಆ ತೀರ್ಥ ಕೊಟ್ಟದ್ದು ತಿಳಿದು ಕಲ್ಯಾಣಿ ಫೋನಿಗೆ ಓಡಿದಳು. ವಾಂತಿ ಮಾಡಿಸಬೇಡಿ, ಕೊಂಬೆ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ ಎಂದರು ವಿಷದ ಸಹಾಯವಾಣಿಯವರು. ಆಸ್ಪತ್ರೆಯಲ್ಲಿ ಮಗುವಿನ ಎದೆಗೆ ವೈರು ಅಂಟಿಸಿದರು. ಪರದೆಯ ಮೇಲೆ ಗೆರೆ ಸರಿಯಾಗಿಯೇ ಓಡುತ್ತಿತ್ತು.

“ಬಿಟರ್ ಇತ್ತು ಮಮ್ಮಿ, ಉಗುಳಿಬಿಟ್ಟೆ. ಅಜ್ಜಿ ಬೈತಾರೆ ಅಂತ ಹೇಳ್ಲಿಲ್ಲ,” ಎಂದಳು ಸುರಭಿ.

ಕಲ್ಯಾಣಿಗೆ ಹೋದ ಜೀವ ಬಂತು. ಬೈಯಲೆಂದೇ ಅತ್ತೆಯ ಕಡೆ ತಿರುಗಿದಳು. ಅಂಬುಜಮ್ಮ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಬೆವರುತ್ತ ಕೂತಿದ್ದರು.

“ಕಹಿ ಅಂತ ನಂಗೂ ಗೊತ್ತಾಯ್ತು ಕಣೇ,” ಎಂದರು. “ತೀರ್ಥ ಉಗುಳೋದು ಹ್ಯಾಗೆ? ಮೂರು ಸಲವೂ ನುಂಗಿಬಿಟ್ಟೆ.”