ನೇರ ಕೆಳಗೇ ಇರಬೇಕಾಗಿಲ್ಲ

ಹನ್ನೊಂದು ವರ್ಷದಿಂದ ಆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರೂ ಮೇಡಂ ಇನ್ನೂ ತಾತ್ಕಾಲಿಕವೇ. ಪರೀಕ್ಷೆ ಮುಗಿದ ದಿನ ಅವಳ ಕೆಲಸವೂ ಮುಗಿಯುತ್ತಿತ್ತು. ರಜೆ ಕಳೆದ ಮೇಲೆ ಮತ್ತೆ ಅರ್ಜಿ, ಮತ್ತೆ ಸಹಿ, ಮತ್ತೆ ಅದೇ ಮುರುಕಲು ಕುರ್ಚಿ. ಈ ಸಲ ಅಂತೂ ಇಂತೂ ಒಂದು ಕಾಯಂ ಹುದ್ದೆ ಬಂದಿತ್ತು. ವಯಸ್ಸಿನ ಮಿತಿ ನಲವತ್ತೈದು. ಮುಂದಿನ ತಿಂಗಳು ಅವಳಿಗೆ ನಲವತ್ತೈದು ತುಂಬುತ್ತದೆ. ಈ ಸಲ ತಪ್ಪಿದರೆ ಇನ್ನು ಯಾವ ಸಲವೂ ಇಲ್ಲ, ಅಷ್ಟೇ.

ಸಂದರ್ಶನ ಮುಗಿದಿತ್ತು. ಉಳಿದದ್ದು ಮಾದರಿ ಪಾಠವೊಂದೇ: ಆಯ್ಕೆ ಸಮಿತಿಯ ಎದುರು, ನಿಜವಾದ ವಿದ್ಯಾರ್ಥಿಗಳಿಗೆ, ನಲವತ್ತು ನಿಮಿಷ. ವಿಷಯವನ್ನು ಹಿಂದಿನ ದಿನ ಚೀಟಿ ಎತ್ತಿ ಕೊಟ್ಟಿದ್ದರು. ಚೀಟಿ ಬಿಚ್ಚಿ ನೋಡಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಸ್ಫಟಿಕದ ಪದರಗಳಿಂದ ಎಕ್ಸ್-ರೇ ಪ್ರತಿಫಲನ, ಬ್ರಾಗ್ ನಿಯಮ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯಾಳು!

"ಸುಲಭದ್ದೇ ಬಂದಿದ್ಯಂತಲ್ಲಮ್ಮ?" ಎಂದು ಬೆಳಿಗ್ಗೆ ಅತ್ತೆ ಕೇಳಿದರು.

"ಬಾಯಿಪಾಠ ಅತ್ತೆ."

"ಹಾಗಂದ್ಕೊಂಡೇ ನನ್ನ ಮಗ ಡ್ರೈವಿಂಗ್ ಟೆಸ್ಟಲ್ಲಿ ಮೂರು ಸಲ ಫೇಲಾದ," ಎಂದರು ಅತ್ತೆ. ಪಕ್ಕದಲ್ಲೇ ಶೂ ಕಟ್ಟಿಕೊಳ್ಳುತ್ತಿದ್ದ ಗಂಡ ತಲೆ ಎತ್ತಲಿಲ್ಲ.

ಬಾಯಿಪಾಠ ಎಂದದ್ದು ಸುಳ್ಳಲ್ಲ. ಅವಳ ಬಳಿ ಇದ್ದದ್ದು ತಾನು ಓದುವಾಗ ಮೇಷ್ಟ್ರು ಬರೆಸಿದ ನೋಟ್ಸು. ಅಂಚು ಸವೆದು, ಮೂರು ಸಲ ಜೆರಾಕ್ಸ್ ಆಗಿ, ಒಂದಕ್ಷರವೂ ಬದಲಾಗದೆ ಉಳಿದಿದ್ದ ನೋಟ್ಸು. ಅದನ್ನೇ ಅವಳು ಹನ್ನೊಂದು ಬ್ಯಾಚಿಗೆ ಬರೆಸಿದ್ದಳು. ಆ ಮೇಷ್ಟ್ರು ಈಗ ನಿವೃತ್ತರು, ಕೋಲು ಹಿಡಿದು ನಡೆಯುವವರು. ಈ ದಿನ ಸಮಿತಿಗೆ ಹೊರಗಿನ ತಜ್ಞರಾಗಿ ಬಂದವರೂ ಅವರೇ. ಹಿಂದಿನ ಸಾಲಿನಲ್ಲಿ ಅವರು, ಪಕ್ಕದಲ್ಲಿ ಪ್ರಿನ್ಸಿಪಾಲರು, ಆಚೆ ವಿಭಾಗದ ಮುಖ್ಯಸ್ಥರು. ಮುಖ್ಯಸ್ಥರಿಗೆ ಗಡಿಯಾರ ನೋಡುವ ಖಯಾಲಿ. ತಮ್ಮದು ನೋಡಿ, ಗೋಡೆಯದು ನೋಡಿ, ಎರಡಕ್ಕೂ ಒಂದು ನಿಮಿಷದ ವ್ಯತ್ಯಾಸವಿದ್ದರೆ ಗೋಡೆಯದರ ಮೇಲೆ ಮುನಿಸಿಕೊಳ್ಳುವ ಜಾತಿ.

ಮೇಡಂ ಶುರು ಮಾಡಿದಳು. ಬೋರ್ಡಿನ ಮೇಲೆ ಒಂದರ ಕೆಳಗೊಂದು ಎರಡು ಅಡ್ಡಗೆರೆ, ಸ್ಫಟಿಕದ ಎರಡು ಪದರ. ನಡುವಿನ ದೂರ d. ಮೇಲಿನ ಗೆರೆಯ ಮೇಲೊಂದು ಚುಕ್ಕೆ, ಅದರ ನೇರ ಕೆಳಗೆ ಇನ್ನೊಂದು. ಅವು ಪರಮಾಣುಗಳು. ಎಡದಿಂದ ಎರಡು ಸಮಾನಾಂತರ ಕಿರಣಗಳು ಓರೆಯಾಗಿ ಇಳಿದು, ಒಂದೊಂದು ಚುಕ್ಕೆಗೆ ತಾಗಿ, ಬಲಕ್ಕೆ ಎದ್ದು ಹೋದವು.

"ಕಿರಣದ ಕೋನ θ ಯಾವುದರಿಂದ ಅಳೀಬೇಕು?"

"ಲಂಬದಿಂದ," ಎಂದಿತು ಅರ್ಧ ತರಗತಿ.

"ಅದು ಕನ್ನಡಿ ಪಾಠದಲ್ಲಿ. ಇಲ್ಲಿ ಪದರದಿಂದಲೇ ಅಳೀತೀವಿ. ಇದೊಂದು ತಪ್ಪಿದ್ರೆ sin ಇರೋ ಕಡೆ cos ಬಂದು ಕೂತ್ಕೊಳ್ಳತ್ತೆ, ಆಮೇಲೆ ನನ್ನ ಬೈಬೇಡಿ."

ತರಗತಿ ನಕ್ಕಿತು. ಪ್ರಿನ್ಸಿಪಾಲರೂ ನಕ್ಕರು. ಮೇಲಿನ ಚುಕ್ಕೆಯಿಂದ ಕೆಳಗಿನ ಕಿರಣಕ್ಕೆ ಅವಳು ಎರಡು ಲಂಬ ಇಳಿಸಿದಳು, ಬರುವ ಭಾಗಕ್ಕೊಂದು, ಹೋಗುವ ಭಾಗಕ್ಕೊಂದು. ಮೊದಲ ಲಂಬದವರೆಗೆ ಎರಡು ಕಿರಣಗಳೂ ಜೊತೆಜೊತೆಗೇ ಬಂದವು, ಎರಡನೆಯದರ ಆಚೆಗೂ ಜೊತೆಜೊತೆಗೇ ಹೋಗುತ್ತವೆ. ಕೆಳಗಿನದು ಹೆಚ್ಚಾಗಿ ನಡೆದದ್ದು ನಡುವಿನ ಎರಡು ತುಂಡು ಮಾತ್ರ. ಒಂದೊಂದು ತ್ರಿಕೋನದಲ್ಲೂ ಕರ್ಣ d, ಮೇಲಿನ ಕೋನ θ. ಹಾಗಾಗಿ ಒಂದೊಂದು ತುಂಡೂ d sin θ. ಒಟ್ಟು 2d sin θ.

"ಈ ಹೆಚ್ಚಿನ ದಾರಿ ಪೂರ್ತಿ ಒಂದು ಅಲೆಯಷ್ಟೋ ಎರಡು ಅಲೆಯಷ್ಟೋ ಇದ್ರೆ ಶೃಂಗದ ಮೇಲೆ ಶೃಂಗ ಕೂರತ್ತೆ. ಸಾವಿರಾರು ಪದರಗಳಿಂದ ಬಂದಿದ್ದೆಲ್ಲ ಒಟ್ಟು ಸೇರತ್ತೆ. ಬೇರೆ ಕೋನದಲ್ಲಿ ಒಂದನ್ನೊಂದು ಅಳಿಸಿ ಹಾಕ್ಕೊಳ್ಳತ್ತೆ."

ಅಲೆಯ ಉದ್ದ λ ಎಂದಿಟ್ಟು 2d sin θ = nλ ಎಂದು ಬರೆದು ಚೌಕ ಹಾಕಿದಳು. ಇಪ್ಪತ್ತು ನಿಮಿಷವಾಗಿತ್ತು. ಮುಖ್ಯಸ್ಥರು ಗಡಿಯಾರ ನೋಡಿ ಸಮಾಧಾನಪಟ್ಟರು. ಅಭ್ಯಾಸಬಲದಿಂದ ಮೇಡಂ ನೋಟ್ಸಿನ ಮುಂದಿನ ವಾಕ್ಯವನ್ನೂ ಬರೆಸಿದಳು: "ಗಮನಿಸಿ: ಕೆಳಗಿನ ಪದರದ ಪರಮಾಣು ಮೇಲಿನದರ ನೇರ ಕೆಳಗೇ ಇರಬೇಕು. ಇಲ್ಲದಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ."

ಮೂರನೆಯ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಆ ಹುಡುಗಿಗೆ ಇಡೀ ತರಗತಿ ಇಟ್ಟ ಹೆಸರು 'ಆದ್ರೆ'. ಬಾಯಿ ತೆರೆದರೆ ಅಲ್ಲಿಂದಲೇ ಶುರು.

"ಆದ್ರೆ ಮೇಡಂ, ಹೋದ ವಾರ ಲ್ಯಾಬಲ್ಲಿ ಎಕ್ಸ್-ರೇ ಯಂತ್ರಕ್ಕೆ ತಾಮ್ರದ ಪುಡಿ ಇಟ್ವಲ್ಲ?"

"ಹೂಂ."

"ಗ್ರಾಫಲ್ಲಿ 43.3 ಡಿಗ್ರಿಲಿ ದೊಡ್ಡ ಶೃಂಗ ಬಂತು. ಅದು 2θ, ಅರ್ಧ ಮಾಡ್ಕೊಳ್ಳಿ ಅಂದ್ರಿ, ಮಾಡ್ಕೊಂಡ್ವಿ. ನೀವು ಕೊಟ್ಟ ಸೂತ್ರಕ್ಕೆ ಹಾಕಿದ್ರೆ ಪದರಗಳ ದೂರ 2.09 ಆಂಗ್‌ಸ್ಟ್ರಾಂ ಬಂತು, ಪುಸ್ತಕದಲ್ಲೂ ಅಷ್ಟೇ ಇತ್ತು. ಆದ್ರೆ ಆ ಪದರ ಹೇಗಿರತ್ತೆ ಅಂತ ನೀವೇ ಗೋಲಿ ಜೋಡಿಸಿ ತೋರಿಸಿದ್ರಿ. ಮೇಲಿನ ಗೋಲಿ ಕೆಳಗಿನ ಗೋಲಿಗಳ ನಡುವಿನ ಗುಂಡೀಲಿ ಕೂರತ್ತೆ. ಯಾವುದೂ ಯಾವುದರ ನೇರ ಕೆಳಗೂ ಇಲ್ಲ. ಹಾಗಾದ್ರೆ ನಿಯಮ ಹೇಗೆ ಅನ್ವಯಿಸ್ತು?"

ಮೇಡಂ ತಿರುಗಿ ಬೋರ್ಡಿನ ಚಿತ್ರ ನೋಡಿದಳು. ಗೋಲಿ ಜೋಡಿಸಿದ್ದು ತಾನೇ, ನೋಟ್ಸು ಬರೆಸಿದ್ದೂ ತಾನೇ. ಎರಡನ್ನೂ ಒಂದೇ ತಲೆಯಲ್ಲಿ ಹನ್ನೊಂದು ವರ್ಷ ಪಕ್ಕಪಕ್ಕ ಇಟ್ಟುಕೊಂಡಿದ್ದಳು, ಒಂದು ದಿನವೂ ಅವು ಜಗಳವಾಡಿರಲಿಲ್ಲ. ಅಯ್ಯೋ, ಜಗಳವಾಡಲು ಇವತ್ತೇ ಬೇಕಿತ್ತೇ?

"ಪ್ರಶ್ನೆ ಆಮೇಲೆ ತಗೊಳ್ಳಿ," ಎಂದರು ಮುಖ್ಯಸ್ಥರು ಹಿಂದಿನಿಂದ. "ಇನ್ನೂ ಲೆಕ್ಕ ಬಿಡಿಸೋದಿದೆ."

ತಪ್ಪಿಸಿಕೊಳ್ಳಲು ಒಳ್ಳೆಯ ದಾರಿ. 'ಒಳ್ಳೇ ಪ್ರಶ್ನೆ, ಮುಂದಿನ ತರಗತೀಲಿ ನೋಡೋಣ' ಎಂದರೆ ಸಾಕು, ಯಾರೂ ಏನೂ ಅನ್ನುವುದಿಲ್ಲ. ಅವಳು ಮೇಷ್ಟ್ರ ಕಡೆ ನೋಡಿದಳು. ಅವರು ಕೋಲಿನ ಹಿಡಿಯ ಮೇಲೆ ಎರಡೂ ಕೈಯಿಟ್ಟು ನೆಲ ನೋಡುತ್ತಿದ್ದರು. ಅವರ ವಾಕ್ಯವನ್ನು ಅವರೆದುರಿಗೇ ತಪ್ಪು ಎನ್ನುವುದೆಂದರೇನು? ಅದೂ ತನ್ನ ಹಣೆಬರಹ ಅವರ ಪೆನ್ನಿನ ತುದಿಯಲ್ಲಿರುವಾಗ!

ಆದರೆ ಆ ಹುಡುಗಿ ಪೆನ್ನು ಎತ್ತಿ ಹಿಡಿದುಕೊಂಡೇ ಇದ್ದಳು. ಬರೆಸಿದ ವಾಕ್ಯವನ್ನು ಅವಳು ಬರೆದುಕೊಂಡೇ ಇರಲಿಲ್ಲ.

"ನನಗೆ ಗೊತ್ತಿಲ್ಲ," ಎಂದಳು ಮೇಡಂ. "ಬಾ, ಇಬ್ಬರೂ ಸೇರಿ ನೋಡೋಣ."

ಹುಡುಗಿ ಬೋರ್ಡಿನ ಬಳಿ ಬಂದಳು. ಮೇಡಂ ಕೆಳಗಿನ ಚುಕ್ಕೆಯನ್ನು ಅಳಿಸಿ ಅದೇ ಗೆರೆಯ ಮೇಲೆ ಬಲಕ್ಕೆ ಸರಿಸಿದಳು, x ಅಷ್ಟು ದೂರ. ಹೊಸ ಕಿರಣ ಎಳೆದಳು. ಲಂಬಗಳು ಎಲ್ಲೋ ಹೋಗಿ ಬಿದ್ದವು. ಚಿತ್ರ ಗೋಜಲಾಯಿತು, ಅಳಿಸಿದಳು. ಮತ್ತೆ ಎಳೆದಳು, ಮತ್ತೆ ಅಳಿಸಿದಳು. ಬೆವರು ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಹದಿನೈದು ನಿಮಿಷ ಹೋಯಿತು. ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡದ್ದು ಕಾರಿಡಾರಿಗೂ ಕೇಳಿಸಿರಬೇಕು.

"ಆದ್ರೆ ಮೇಡಂ, ಮೇಲಿನ ಪದರನ ಸ್ವಲ್ಪ ಮರೆತುಬಿಡೋಣ್ವಾ?" ಎಂದಳು ಹುಡುಗಿ ಮೆಲ್ಲಗೆ. "ಕೆಳಗಿನದೊಂದನ್ನೇ ನೋಡೋಣ. ಹಳೇ ಜಾಗದ ಚುಕ್ಕೆ, ಹೊಸ ಜಾಗದ ಚುಕ್ಕೆ. ಇವೆರಡಕ್ಕೇ ಎಷ್ಟು ವ್ಯತ್ಯಾಸ?"

ಮೇಡಂ ಇಡೀ ಬೋರ್ಡು ಒರೆಸಿ ಒಂದೇ ಒಂದು ಗೆರೆ ಎಳೆದಳು. ಅದರ ಮೇಲೆ ಎರಡು ಚುಕ್ಕೆ, ನಡುವೆ x.

"ಬರೋವಾಗ ಬಲಗಡೆ ಚುಕ್ಕೆಗೆ ಅಲೆ ಎಷ್ಟು ಹೆಚ್ಚು ದೂರ ಬರಬೇಕು?"

"x cos θ."

"ಹೋಗೋವಾಗ?"

"ಬಲಗಡೆ ಇರೋದು ಮುಂದೇನೇ ಇದೆಯಲ್ಲ. ಅಷ್ಟೇ ಕಡಿಮೆ ನಡೀಬೇಕು. x cos θ ಕಡಿಮೆ."

"ಹೆಚ್ಚು ಅಷ್ಟು, ಕಡಿಮೆ ಅಷ್ಟು..."

"ಸೊನ್ನೆ!" ಎಂದು ಕೂಗಿದ್ದು ಹುಡುಗಿಯಲ್ಲ, ಕೊನೆಯ ಬೆಂಚು.

ಮೇಡಂ ತರಗತಿಯ ಕಡೆ ತಿರುಗಿದಳು. ಸಮಿತಿ, ಹುದ್ದೆ, ಮುಂದಿನ ತಿಂಗಳು, ಎಲ್ಲವೂ ಅವಳ ತಲೆಯಿಂದ ಹಾರಿಹೋಗಿತ್ತು. "ನೋಡ್ರೋ! ಒಂದೇ ಪದರದಲ್ಲಿ ಪರಮಾಣು ಎಲ್ಲಿ ಬೇಕಾದ್ರೂ ಇರಲಿ, ದಾರಿ ಒಂದೇ. ಯಾಕೆ? ಬರೋ ಕೋನ, ಹೋಗೋ ಕೋನ ಎರಡೂ ಒಂದೇ ಆಗಿರೋದರಿಂದ. ಬೇರೆ ಆಗಿದ್ರೆ ಸೊನ್ನೆ ಆಗ್ತಿರಲಿಲ್ಲ. ಅದಕ್ಕೇ ಇದನ್ನ ಪ್ರತಿಫಲನ ಅಂತ ಕರೆಯೋದು! ಅಲ್ಲಿಗೆ ಕೆಳಗಿನ ಚುಕ್ಕೆನ ಎಷ್ಟು ಸರಿಸಿದ್ರೂ 2d sin θ ಹಾಗೇ ಇರತ್ತೆ. ಲೆಕ್ಕಕ್ಕೆ ಬರೋದು ಪದರಗಳ ನಡುವಿನ ದೂರ ಒಂದೇ. ನೇರ ಕೆಳಗೆ ಇಟ್ಟಿದ್ದು ಚಿತ್ರ ಬರೆಯೋಕೆ ಸುಲಭ ಅಂತ, ಅಷ್ಟೇ. ನಾನು ಬರೆಸಿದ ಆ ವಾಕ್ಯ ತಪ್ಪು. ಹೊಡೆದುಹಾಕಿ."

ಪೆನ್ನುಗಳು ಸರಸರನೆ ಗೀಚಿದವು. ಗಂಟೆ ಹೊಡೆಯಿತು. ಲೆಕ್ಕ ಬಿಡಿಸಿರಲಿಲ್ಲ, ಸಾರಾಂಶ ಹೇಳಿರಲಿಲ್ಲ, ಮನೆಗೆಲಸ ಕೊಟ್ಟಿರಲಿಲ್ಲ. ಮುಖ್ಯಸ್ಥರು ತಮ್ಮ ಹಾಳೆಯಲ್ಲಿ ಏನನ್ನೋ ಒತ್ತಿ ಬರೆದು ಎದ್ದರು.

ಆಗ ಅವಳಿಗೆ ಎಲ್ಲ ನೆನಪಾಯಿತು.

ಸಮಿತಿ ಪ್ರಿನ್ಸಿಪಾಲರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿತು. ಮೇಡಂ ಹೊರಗಿನ ಬೆಂಚಿನಲ್ಲಿ ಸೀಮೆಸುಣ್ಣದ ಕೈ ತೊಳೆಯದೆ ಕುಳಿತಳು. ಗಂಡನಿಂದ ಎರಡು ಸಲ ಫೋನು ಬಂತು, ತೆಗೆಯಲಿಲ್ಲ. ಏನಂತ ಹೇಳುವುದು? ಸುಲಭದ್ದೇ ಬಂದಿತ್ತು, ಕೆಡಿಸಿಕೊಂಡೆ ಅಂತಲೇ? ಒಳಗೆ ಮುಖ್ಯಸ್ಥರ ದನಿ ಏರುತ್ತಿತ್ತು: "ಗೊತ್ತಿಲ್ಲ ಅಂದ್ಬಿಟ್ರು ಸರ್, ಸಮಿತಿ ಎದುರಿಗೇ! ಪಾಠಾನೂ ಮುಗೀಲಿಲ್ಲ." ಆಮೇಲೆ ಮೇಷ್ಟ್ರ ದನಿ, ತೀರಾ ತಗ್ಗಿದ್ದು, ಒಂದು ಮಾತೂ ತಿಳಿಯಲಿಲ್ಲ. ಅದು ಬಹಳ ಹೊತ್ತು ಕೇಳಿಸುತ್ತಲೇ ಇತ್ತು. ಮುಖ್ಯಸ್ಥರ ದನಿ ಮತ್ತೆ ಏಳಲಿಲ್ಲ.

ಅರ್ಧ ಗಂಟೆಯ ಮೇಲೆ ಮೇಷ್ಟ್ರು ಒಬ್ಬರೇ ಹೊರಗೆ ಬಂದರು. ಅವಳು ದಡಬಡಿಸಿ ಎದ್ದಳು.

"ಸರ್, ನಿಮ್ಮ ನೋಟ್ಸನ್ನ ಹಾಗೆ ಎಲ್ಲರೆದುರಿಗೂ..."

"ಕೂತ್ಕೊಳಮ್ಮ," ಎಂದು ಅವರೂ ಕಷ್ಟಪಟ್ಟು ಬೆಂಚಿನಲ್ಲಿ ಕುಳಿತರು. "ಕೆಲಸ ನಿಂದೇ. ಆರ್ಡರ್ ಟೈಪ್ ಮಾಡಿಸ್ತಿದಾರೆ."

ಅವಳ ಕಣ್ಣು ತುಂಬಿ ಬಂತು. ಸೀಮೆಸುಣ್ಣದ ಕೈಯಲ್ಲೇ ಒರೆಸಿಕೊಂಡು ಕೆನ್ನೆಯೆಲ್ಲ ಬೆಳ್ಳಗೆ ಮಾಡಿಕೊಂಡಳು.

"ಒಳಗೆ ಅವರಿಗೆ ಏನು ಹೇಳಿದೆನೋ ಅದನ್ನ ನಿನಗೂ ಹೇಳ್ಬೇಕು," ಎಂದರು ಮೇಷ್ಟ್ರು. "ಆ ವಾಕ್ಯ ಮೊದಲು ನನ್ನ ನೋಟ್ಸಲ್ಲಿ ಇರಲಿಲ್ಲ. ಒಂದು ದಿನ ಪಾಠ ಮಾಡೋವಾಗ ಒಂದು ಹುಡುಗಿ ಎದ್ದು ನಿಂತು, ಕೆಳಗಿನ ಪರಮಾಣು ಪಕ್ಕಕ್ಕೆ ಸರಿದಿದ್ರೆ ಏನಾಗತ್ತೆ ಸರ್ ಅಂತ ಕೇಳಿದ್ಲು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅಧಿಕಪ್ರಸಂಗ ಬೇಡ, ಕೂತ್ಕೋ ಅಂತ ಗದರಿಸಿ, ಅವತ್ತೇ ಈ ವಾಕ್ಯ ಸೇರಿಸಿ ಎಲ್ಲರಿಗೂ ಬರೆಸಿದೆ. ಇನ್ನೊಬ್ಬರು ಕೇಳಬಾರದು ಅಂತ. ಆಮೇಲೆ ಆ ಹುಡುಗಿ ಎರಡು ವರ್ಷ ನನ್ನ ತರಗತೀಲಿ ಒಂದು ಪ್ರಶ್ನೇನೂ ಕೇಳಲಿಲ್ಲ."

"ಯಾರು ಸರ್ ಅವಳು?"

ಮೇಷ್ಟ್ರು ಅವಳ ಮುಖವನ್ನೇ ನೋಡಿದರು. "ನಿನಗೆ ನಿಜವಾಗ್ಲೂ ನೆನಪಿಲ್ವಾ?"

ಅವಳಿಗೆ ನೆನಪಿರಲಿಲ್ಲ. ಎಷ್ಟು ಕೆದಕಿದರೂ ಆ ದಿನ ಸಿಗಲಿಲ್ಲ. ನೆನಪಿದ್ದದ್ದು ಆ ವಾಕ್ಯವನ್ನು ದುಂಡಗೆ ಬರೆದುಕೊಂಡು ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದದ್ದು ಮಾತ್ರ.

"ಸರ್," ಎಂದಳು, "ನಾನೂ ಅದನ್ನ ಹನ್ನೊಂದು ಬ್ಯಾಚಿಗೆ ಬರೆಸಿದೀನಿ. ಎಷ್ಟು ಜನ ಕೇಳೋಕೆ ಹೊರಟು ಸುಮ್ಮನಾದ್ರೋ."

ಮೇಷ್ಟ್ರು ಸೀಮೆಸುಣ್ಣ ಮೆತ್ತಿದ ಅವಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು, ಒಳಗಿನಿಂದ ಕರೆ ಬರುವವರೆಗೂ ಹಾಗೇ ಕುಳಿತರು.